ಕಂಪನಿ ದಿವಾಳಿಯಾದಾಗ ಬಾಕಿ ಸಂಬಳಕ್ಕೆ ಎಷ್ಟನೆಯ ಸ್ಥಾನ?

2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಜೆಟ್ ಏರ್‌ವೇಸ್ ಕಂಪನಿಯ ಆಸ್ತಿಯನ್ನು ಮಾರಿ ಬಾಕಿ ಬರಬೇಕಾದವರಿಗೆ ಹಂಚಬೇಕೆಂದು ಆದೇಶಿಸಿತು. 2019ರ ಏಪ್ರಿಲ್ 17ರಂದು ಕೊನೆಯ ವಿಮಾನ ಹಾರಿಸಿದ ಕಂಪನಿಯ ವಿಷಯದಲ್ಲಿ ಈ ಮಾತು ಹೇಳಲು ಐದೂವರೆ ವರ್ಷ ಹಿಡಿಯಿತು. ಆ ಸುದ್ದಿಯ ಜೊತೆಗೆ ಎರಡು ವಾಕ್ಯಗಳು ಒಟ್ಟಿಗೇ ಓಡಾಡಿದವು. ಕಾನೂನಿನಲ್ಲಿ ಕಾರ್ಮಿಕರ ಬಾಕಿಗೆ ಅತ್ಯುಚ್ಚ ಆದ್ಯತೆ ಇದೆ ಎಂಬುದು ಒಂದು, ಕಾರ್ಮಿಕರ ಕೈಗೆ ಬರುವುದು ಅಲ್ಪವೇ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬ ಗೊಂದಲ ಓದುಗರಲ್ಲಿ ಮೂಡಿದ್ದು ಸಹಜ. ಕಂಪನಿಯೊಂದು ಮುಳುಗಿದಾಗಲೆಲ್ಲ ಇದೇ ಪ್ರಶ್ನೆ ಮತ್ತೆ ಏಳುತ್ತದೆ.

ಉತ್ತರ ಮೂರು ಸಂಗತಿಗಳಲ್ಲಿದೆ. ಕಂಪನಿ ಯಾವ ಕಾನೂನಿನಡಿ ಮುಚ್ಚಿತು, ಕೇಳುತ್ತಿರುವ ಹಣ ಸಂಬಳವೋ ಅಥವಾ ಭವಿಷ್ಯ ನಿಧಿಯೋ, ಮತ್ತು ಲೆಕ್ಕದ ಗಡಿಯಾರ ಯಾವ ದಿನದಿಂದ ಹಿಂದಕ್ಕೆ ಓಡುತ್ತದೆ. ಇವುಗಳಲ್ಲಿ ಮೂರನೆಯದನ್ನು ಕುರಿತ ಚರ್ಚೆ ಅತ್ಯಂತ ಕಡಿಮೆ, ಅದರಿಂದಾಗುವ ನಷ್ಟವೇ ಅತ್ಯಂತ ಹೆಚ್ಚು ಎಂಬುದು ಈ ಲೇಖನದ ವಾದ.

ಮುಚ್ಚಲು ಎರಡು ಬಾಗಿಲು

ಸಾಲ ತೀರಿಸಲಾಗದೆ ಕಂಪನಿ ಕುಸಿದರೆ ಅದು 2016ರ ದಿವಾಳಿ ಸಂಹಿತೆಯ ಅಡಿಯಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಬರುತ್ತದೆ. ಮೊದಲು ಕಂಪನಿಯನ್ನು ಉಳಿಸುವ ಪ್ರಯತ್ನ ನಡೆಯುತ್ತದೆ. ಆಡಳಿತ ಮಂಡಳಿಯ ಅಧಿಕಾರ ಒಬ್ಬ ರೆಸಲ್ಯೂಷನ್ ವೃತ್ತಿಪರನ ಕೈಗೆ ಹೋಗಿ, ಕಂಪನಿಯನ್ನು ಕೊಳ್ಳುವವರಿಗಾಗಿ ಹುಡುಕಾಟ ನಡೆಯುತ್ತದೆ. ಯಾರೂ ಮುಂದೆ ಬರದಿದ್ದರೆ, ಅಥವಾ ಬಂದವರ ಯೋಜನೆ ನೆಲ ಕಚ್ಚಿದರೆ, ಲಿಕ್ವಿಡೇಷನ್ ಆರಂಭವಾಗುತ್ತದೆ. ಅಂದರೆ ಲಿಕ್ವಿಡೇಟರ್ ಎಂಬ ಅಧಿಕಾರಿ ಆಸ್ತಿಯನ್ನೆಲ್ಲ ಮಾರಿ, ಬಂದ ಹಣವನ್ನು ಕಾನೂನು ಹೇಳಿದ ಸರದಿಯಂತೆ ಹಂಚುತ್ತಾನೆ.

ಇನ್ನೊಂದು ಬಾಗಿಲು 2013ರ ಕಂಪನಿ ಕಾಯ್ದೆಯದು. ಕಂಪನಿಯ ವ್ಯವಹಾರ ಮೋಸದಿಂದ ಕೂಡಿದೆ, ಅಥವಾ ಅದನ್ನು ಮುಚ್ಚುವುದೇ ನ್ಯಾಯೋಚಿತ ಎಂಬಂಥ ಕಾರಣಗಳಿಗೆ ನ್ಯಾಯಮಂಡಳಿ ಆ ಕಾಯ್ದೆಯಡಿ ಕಂಪನಿಯನ್ನು ಸಮಾಪ್ತಿಗೊಳಿಸಬಹುದು. ಆ ಕಾಯ್ದೆಯ 326ನೇ ಸೆಕ್ಷನ್ ಕಾರ್ಮಿಕರ ಪಾಲಿಗೆ ಹೆಚ್ಚು ಉದಾರವಾಗಿದೆ. ಸಮಾಪ್ತಿ ಆದೇಶಕ್ಕೆ ಹಿಂದಿನ ಎರಡು ವರ್ಷಗಳ ಬಾಕಿ ಸಂಬಳವನ್ನು, ಆಸ್ತಿ ಮಾರಿದ 30 ದಿನಗಳ ಒಳಗೆ, ಅಡಮಾನ ಹಿಡಿದಿರುವ ಬ್ಯಾಂಕುಗಳಿಗಿಂತಲೂ ಮೊದಲು ಕೊಡಬೇಕು ಎಂದು ಅದು ಹೇಳುತ್ತದೆ. ಉಳಿದ ಕಾರ್ಮಿಕ ಬಾಕಿಗೆ ಬ್ಯಾಂಕುಗಳ ಜೊತೆ ಸಮಪಾಲು ಸಿಗುತ್ತದೆ.

ಆದರೆ ಅದೇ ಕಾಯ್ದೆಯ 327ನೇ ಸೆಕ್ಷನ್‌ಗೆ ಸೇರಿಸಿದ ಏಳನೇ ಉಪವಿಧಿ, ದಿವಾಳಿ ಸಂಹಿತೆಯಡಿ ನಡೆಯುವ ಲಿಕ್ವಿಡೇಷನ್‌ಗೆ ಈ ಉದಾರ ನಿಯಮ ಅನ್ವಯಿಸುವುದಿಲ್ಲ ಎಂದು ಬಾಗಿಲು ಹಾಕಿತು. ಒಂದೇ ಯಂತ್ರದ ಮುಂದೆ ನಿಂತು ದುಡಿದ ಕಾರ್ಮಿಕನ ಬಾಕಿ ಸಂಬಳಕ್ಕೆ, ಅವನ ಕಂಪನಿ ಯಾವ ಕಾರಣಕ್ಕೆ ಮುಚ್ಚಿತು ಎಂಬುದನ್ನು ನೋಡಿ ಬೇರೆ ಬೇರೆ ಸ್ಥಾನ ಸಿಗುವುದು ಹೀಗೆ. ಮೋಸದ ಕಾರಣಕ್ಕೆ ಮುಚ್ಚಿದರೆ ಅವನು ಬ್ಯಾಂಕಿಗಿಂತ ಮುಂದೆ, ಸಾಲದ ಭಾರಕ್ಕೆ ಕುಸಿದರೆ ಬ್ಯಾಂಕಿನ ಪಕ್ಕದಲ್ಲಿ. ಈ ವ್ಯತ್ಯಾಸ ಸಮಾನತೆಗೆ ವಿರುದ್ಧ ಎಂದು ಮೋಸರ್ ಬೇರ್ ಕಂಪನಿಯ ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮೇ 2ರಂದು ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ದಿವಾಳಿ ಸಂಹಿತೆ ತನ್ನದೇ ಆದ ಸಮಗ್ರ ವ್ಯವಸ್ಥೆ, ಅದರೊಳಗಿನ ಹಂಚಿಕೆಯ ಸರದಿ ಆರ್ಥಿಕ ನೀತಿಯ ವಿಷಯ, ಕಾರ್ಮಿಕರ ಹಿತವನ್ನು ಅಲ್ಲಿಯೂ ಕಾಪಾಡಲಾಗಿದೆ ಎಂಬುದು ತೀರ್ಪಿನ ತಿರುಳು. ಎರಡು ಸರದಿಗಳು ಇರುವುದು ಸಂವಿಧಾನಬದ್ಧವೇ ಎಂಬ ಪ್ರಶ್ನೆ ಅಲ್ಲಿಗೆ ತೀರ್ಮಾನವಾಯಿತು. ಸಾಲದಿಂದ ಕುಸಿಯುವ ಕಂಪನಿಗಳ ಕಾರ್ಮಿಕರಿಗೆ ಇಂದು ಅನ್ವಯಿಸುವುದು ದಿವಾಳಿ ಸಂಹಿತೆಯೇ.

ಸರದಿಯ ಒಳಗೆ

ಸಂಹಿತೆಯ 53ನೇ ಸೆಕ್ಷನ್ ಹಂಚಿಕೆಯ ಸರದಿಯನ್ನು ಹೇಳುತ್ತದೆ. ಮೇಲಿನ ಮೆಟ್ಟಿಲಿನವರಿಗೆ ಪೂರ್ತಿ ಕೊಟ್ಟ ಮೇಲಷ್ಟೇ ಹಣ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಮೊದಲ ಮೆಟ್ಟಿಲಿನಲ್ಲಿ ಇಡೀ ಪ್ರಕ್ರಿಯೆಯ ಖರ್ಚು ಇದೆ. ಎರಡನೆಯದರಲ್ಲಿ ಇಬ್ಬರು ಅಕ್ಕಪಕ್ಕ ನಿಂತಿದ್ದಾರೆ: ಲಿಕ್ವಿಡೇಷನ್ ಆರಂಭಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ, ಮತ್ತು ತಮ್ಮ ಅಡಮಾನವನ್ನು ಬಿಟ್ಟುಕೊಟ್ಟು ಸಾಮಾನ್ಯ ಹಂಚಿಕೆಗೆ ಸೇರಿದ ಬ್ಯಾಂಕುಗಳ ಸಾಲ. ಮೂರನೆಯದರಲ್ಲಿ ಕಾರ್ಮಿಕರಲ್ಲದ ಇತರ ನೌಕರರ 12 ತಿಂಗಳ ಸಂಬಳ. ಅಡಮಾನವಿಲ್ಲದ ಹಣಕಾಸು ಸಾಲ, ಆಮೇಲೆ ಸರ್ಕಾರದ ತೆರಿಗೆ, ಆಮೇಲೆ ಮಿಕ್ಕ ಬಾಕಿಗಳು, ಕೊನೆಗೆ ಷೇರುದಾರರು ಹೀಗೆ ಕೆಳಗಿಳಿಯುತ್ತದೆ.

ಕಾರ್ಮಿಕನೆಂದರೆ ಯಾರು ಎಂಬ ಪ್ರಶ್ನೆ ಇಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ವ್ಯಾಖ್ಯೆಯನ್ನೇ ಸಂಹಿತೆ ಎರವಲು ಪಡೆದಿದೆ. ಅದರಂತೆ ಮೇಲ್ವಿಚಾರಣೆಯ ಕೆಲಸ ಮಾಡುತ್ತ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವನು ಕಾರ್ಮಿಕನಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಮಿತಿಯನ್ನು 18,000ಕ್ಕೆ ಏರಿಸಿದೆ. ಆದರೂ ಪಾಳಿಯ ಮೇಲ್ವಿಚಾರಕ, ಲೆಕ್ಕಪತ್ರ ವಿಭಾಗದ ಮುಖ್ಯಸ್ಥ, ವಿಮಾನದ ಕ್ಯಾಪ್ಟನ್‌ನಂಥವರು ಯಾವ ಮೆಟ್ಟಿಲಿಗೆ ಸೇರುತ್ತಾರೆ ಎಂಬುದು ಪ್ರತಿಯೊಂದು ಪ್ರಕರಣದಲ್ಲೂ ಜಗಳದ ವಿಷಯವೇ. ಎರಡನೇ ಮೆಟ್ಟಿಲಿನಲ್ಲೇ ಹಣ ತೀರಿಹೋಗುವುದು ಸಾಮಾನ್ಯವಾದ್ದರಿಂದ, ಮೂರನೆಯದಕ್ಕೆ ಜಾರಿದವರಿಗೆ ಸಿಗುವುದು ಬಹುತೇಕ ಸೊನ್ನೆ. ಗುತ್ತಿಗೆದಾರನ ಮೂಲಕ ಬಂದವರ ಸ್ಥಿತಿ ಇನ್ನೂ ದುರ್ಬಲ. ಅವರ ಸಂಬಳದ ಹೊಣೆ ಮೊದಲಿಗೆ ಗುತ್ತಿಗೆದಾರನದಾದ್ದರಿಂದ, ಕಂಪನಿಯ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಗುತ್ತಿಗೆದಾರನಿಗೆ ಕೊಡಬೇಕಾದ ಬಿಲ್ಲಾಗಿ ಕಾಣಿಸಿಕೊಂಡು ತೀರ ಕೆಳಗಿನ ಸಾಲಿಗೆ ಸೇರುತ್ತದೆ.

ಒಂದು ಲೆಕ್ಕ

ಹೆಸರಿಲ್ಲದ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಅದರ ಆಸ್ತಿ ಮಾರಿದಾಗ 100 ಕೋಟಿ ರೂಪಾಯಿ ಬಂತು. ಕಾರ್ಮಿಕರ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಗೆ ಸೇರಬೇಕಾದ 4 ಕೋಟಿಯನ್ನು ಮೊದಲೇ ಬದಿಗಿಟ್ಟರು. ಪ್ರಕ್ರಿಯೆಯ ಖರ್ಚು 6 ಕೋಟಿ. ಉಳಿದದ್ದು 90 ಕೋಟಿ. ಎರಡನೇ ಮೆಟ್ಟಿಲಿನಲ್ಲಿ ಬ್ಯಾಂಕುಗಳ 340 ಕೋಟಿಯೂ 24 ತಿಂಗಳ ಕಾರ್ಮಿಕ ಬಾಕಿಯ 20 ಕೋಟಿಯೂ ಸೇರಿ ಒಟ್ಟು 360 ಕೋಟಿ ನಿಂತಿದೆ. 360ಕ್ಕೆ 90 ಎಂದರೆ ರೂಪಾಯಿಗೆ ನಾಲ್ಕಾಣೆ. ಬ್ಯಾಂಕುಗಳಿಗೆ 85 ಕೋಟಿ, ಕಾರ್ಮಿಕರಿಗೆ 5 ಕೋಟಿ. ಮೂರನೇ ಮೆಟ್ಟಿಲಿಗೆ ಏನೂ ಉಳಿಯಲಿಲ್ಲ.

ಸಮಪಾಲು ಎಂಬ ಮಾತಿನ ನಿಜವಾದ ಅರ್ಥ ಇದು. ಇಬ್ಬರಿಗೂ ಸಿಗುವ ಪ್ರಮಾಣ ಒಂದೇ, ಆದರೆ ಹಣದ ದೊಡ್ಡ ಭಾಗ ದೊಡ್ಡ ಸಾಲ ಕೊಟ್ಟವರ ಕಡೆಗೆ ಹೋಗುತ್ತದೆ. ಹತ್ತಾರು ಕಂಪನಿಗಳಿಗೆ ಸಾಲ ಕೊಟ್ಟ ಬ್ಯಾಂಕು ಒಂದರಲ್ಲಿ ಮುಕ್ಕಾಲು ಭಾಗ ಕಳೆದುಕೊಂಡರೂ ಅದಕ್ಕೆ ಬಡ್ಡಿಯ ಆದಾಯವಿದೆ, ನಷ್ಟಕ್ಕೆಂದು ತೆಗೆದಿಟ್ಟ ಮೊತ್ತವಿದೆ. ಕಾರ್ಮಿಕನಿಗೆ ಇರುವುದು ಒಂದೇ ಕೆಲಸ. ಕಾಗದದ ಮೇಲೆ ಸಮಾನವಾಗಿ ನಿಂತವರಿಬ್ಬರ ನಷ್ಟದ ತೂಕ ಒಂದೇ ಅಲ್ಲ.

ಬ್ಯಾಂಕು ತನ್ನ ಅಡಮಾನವನ್ನು ಬಿಟ್ಟುಕೊಡದೆ, ತಾನೇ ಆ ಆಸ್ತಿಯನ್ನು ಮಾರಿಕೊಂಡರೆ ಕಾರ್ಮಿಕರ ಗತಿಯೇನು? ಆರಂಭದಲ್ಲಿ ಇದೊಂದು ಕಿಂಡಿಯಾಗಿತ್ತು. 2019ರ ಜುಲೈನಲ್ಲಿ ಲಿಕ್ವಿಡೇಷನ್ ನಿಯಮಾವಳಿಗೆ 21ಎ ಎಂಬ ನಿಯಮ ಸೇರಿಸಿ ಅದನ್ನು ಮುಚ್ಚಲಾಯಿತು. ಅಡಮಾನ ಬಿಟ್ಟುಕೊಟ್ಟಿದ್ದರೆ ಪ್ರಕ್ರಿಯೆಯ ಖರ್ಚಿಗೂ ಕಾರ್ಮಿಕರ ಬಾಕಿಗೂ ಎಷ್ಟು ಪಾಲು ಹೋಗುತ್ತಿತ್ತೋ ಅಷ್ಟನ್ನು ಬ್ಯಾಂಕು ಲಿಕ್ವಿಡೇಟರ್‌ಗೆ ಕಟ್ಟಬೇಕು.

ಗಡಿಯಾರ ಯಾವಾಗ ಓಡಲು ಶುರುವಾಗುತ್ತದೆ?

ಮೇಲಿನ ಲೆಕ್ಕದಲ್ಲಿ 20 ಕೋಟಿ ಎಂಬ ಸಂಖ್ಯೆಯನ್ನು ಮತ್ತೊಮ್ಮೆ ನೋಡಬೇಕು. ಅದು ಕಾರ್ಮಿಕರ ಒಟ್ಟು ಬಾಕಿಯಲ್ಲ, 24 ತಿಂಗಳ ಕಿಟಕಿಯ ಒಳಗೆ ಬಿದ್ದ ಬಾಕಿ ಮಾತ್ರ. ಆ ಕಿಟಕಿಯನ್ನು ಹಿಂದಕ್ಕೆ ಅಳೆಯುವುದು ಸಂಬಳ ನಿಂತ ದಿನದಿಂದಲೂ ಅಲ್ಲ, ದಿವಾಳಿ ಅರ್ಜಿ ಅಂಗೀಕಾರವಾದ ದಿನದಿಂದಲೂ ಅಲ್ಲ. ಸೆಕ್ಷನ್‌ನ ಪದಗಳನ್ನು ಇದ್ದಂತೆಯೇ ಹಿಡಿದರೆ, ಲಿಕ್ವಿಡೇಷನ್ ಆರಂಭವಾದ ದಿನದಿಂದ. ಕಂಪನಿಯನ್ನು ಉಳಿಸುವ ಯತ್ನ ಎಷ್ಟು ಎಳೆದಾಡುತ್ತದೋ, ಕಿಟಕಿಯೂ ಅಷ್ಟು ಮುಂದಕ್ಕೆ ಜರುಗುತ್ತದೆ, ಹಳೆಯ ಬಾಕಿ ಅದರ ಆಚೆ ಉಳಿದುಬಿಡುತ್ತದೆ. ಸಂಹಿತೆ ಉಳಿಸುವ ಹಂತಕ್ಕೆ 180 ದಿನ ಕೊಟ್ಟು, ವ್ಯಾಜ್ಯದ ಕಾಲವೂ ಸೇರಿ 330 ದಿನಗಳಲ್ಲಿ ಮುಗಿಯಬೇಕೆಂದು ಹೇಳುತ್ತದೆ. ವಾಸ್ತವದಲ್ಲಿ ವರ್ಷಗಳೇ ಉರುಳುತ್ತವೆ.

ಎಬಿಜಿ ಶಿಪ್‌ಯಾರ್ಡ್ ಪ್ರಕರಣದ ದಿನಾಂಕಗಳನ್ನು ನೋಡಿ. ಅದರ ದಿವಾಳಿ ಪ್ರಕ್ರಿಯೆ 2017ರ ಆಗಸ್ಟ್ 1ರಂದು ಆರಂಭವಾಯಿತು, ಲಿಕ್ವಿಡೇಷನ್ ಆದೇಶ ಬಂದದ್ದು 2019ರ ಏಪ್ರಿಲ್ 25ರಂದು. ಅಲ್ಲಿಂದ 24 ತಿಂಗಳು ಹಿಂದಕ್ಕೆ ಎಣಿಸಿದರೆ ಕಿಟಕಿ ತೆರೆಯುವುದು 2017ರ ಏಪ್ರಿಲ್ ಕೊನೆಗೆ. ಪ್ರಕ್ರಿಯೆ ಆರಂಭವಾಗುವ ಮುನ್ನಿನ ಬಾಕಿಯಲ್ಲಿ ಮೂರು ತಿಂಗಳಿನದಷ್ಟೇ ಅದರೊಳಗೆ ಬರುತ್ತದೆ. ಕಿಟಕಿಯ ಉಳಿದ 21 ತಿಂಗಳು ಪ್ರಕ್ರಿಯೆಯ ಅವಧಿಯದೇ.

ನಮ್ಮ ಊಹೆಯ ಕಾರ್ಖಾನೆಗೆ ಮರಳೋಣ. ಅಲ್ಲಿ 2021ರ ಏಪ್ರಿಲ್‌ನಿಂದ ಸಂಬಳ ನಿಂತಿತು. ಕಾರ್ಮಿಕರು ಒಂದು ವರ್ಷ ಸಂಬಳವಿಲ್ಲದೆ ದುಡಿದರು. 2022ರ ಮಾರ್ಚ್ ಕೊನೆಗೆ ಅವರನ್ನು ಕೆಲಸದಿಂದ ತೆಗೆದು ಗೇಟು ಮುಚ್ಚಿದರು, ಮರುದಿನ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಕೊಳ್ಳುವವರು ಸಿಗದೆ 2023ರ ಅಕ್ಟೋಬರ್ 1ರಂದು ಲಿಕ್ವಿಡೇಷನ್ ಆದೇಶವಾಯಿತು. ಕೆಲಸದಿಂದ ತೆಗೆದದ್ದಕ್ಕೆ ಸಿಗಬೇಕಾದ ಪರಿಹಾರವನ್ನು ಸದ್ಯಕ್ಕೆ ಬದಿಗಿಟ್ಟು ಸಂಬಳವನ್ನಷ್ಟೇ ಎಣಿಸೋಣ. ತಿಂಗಳಿಗೆ 20,000 ರೂಪಾಯಿಯಂತೆ ಒಬ್ಬ ಕಾರ್ಮಿಕನ ಬಾಕಿ 2,40,000. ಕಿಟಕಿ 2021ರ ಅಕ್ಟೋಬರ್ 1ರಿಂದ ತೆರೆಯುವುದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 1,20,000 ಹೊರಗುಳಿಯಿತು. ಒಳಗೆ ಬಂದ 1,20,000ಕ್ಕೆ ನಾಲ್ಕಾಣೆಯ ಲೆಕ್ಕದಲ್ಲಿ ಸಿಕ್ಕಿದ್ದು 30,000 ರೂಪಾಯಿ. ಹೊರಗುಳಿದದ್ದು ‘ಮಿಕ್ಕ ಬಾಕಿಗಳು’ ಎಂಬ ಕೆಳಗಿನ ಮೆಟ್ಟಿಲಿಗೆ ಇಳಿಯಿತು, ಅಲ್ಲಿಗೆ ಒಂದು ಪೈಸೆಯೂ ತಲುಪಲಿಲ್ಲ.

ಈಗ ಕಿಟಕಿಯನ್ನು ದಿವಾಳಿ ಪ್ರಕ್ರಿಯೆ ಆರಂಭವಾದ ದಿನದಿಂದ ಅಳೆದಿದ್ದರೆ? ಇಡೀ ವರ್ಷದ ಬಾಕಿ ಒಳಗೆ ಬರುತ್ತಿತ್ತು. ಕಾರ್ಮಿಕರ ಬಾಬ್ತು 20 ಕೋಟಿಯಿಂದ 40 ಕೋಟಿಗೆ ಏರಿ, ಮೆಟ್ಟಿಲಿನ ಒಟ್ಟು ಮೊತ್ತ 380 ಕೋಟಿ ಆಗುತ್ತಿತ್ತು. ರೂಪಾಯಿಗೆ ಸಿಗುವುದು 25 ಪೈಸೆಯಿಂದ ಸುಮಾರು 23.7 ಪೈಸೆಗೆ ಇಳಿದರೂ ಆ ಕಾರ್ಮಿಕನ ಕೈಗೆ ಸುಮಾರು 56,800 ರೂಪಾಯಿ ಬರುತ್ತಿತ್ತು. ಬ್ಯಾಂಕುಗಳ ಪಾಲು 85 ಕೋಟಿಯಿಂದ 80.5 ಕೋಟಿಗೆ ಇಳಿಯುತ್ತಿತ್ತು. ಅವರ ಒಟ್ಟು ಸಾಲಕ್ಕೆ ಹೋಲಿಸಿದರೆ ಇದು ನೂರಕ್ಕೆ ಸುಮಾರು 1.3ರಷ್ಟು ಹೆಚ್ಚಿನ ನಷ್ಟ. ಕಾರ್ಮಿಕನಿಗಾದರೆ ಸಿಗುವ ಹಣವೇ ಹೆಚ್ಚುಕಡಿಮೆ ಎರಡರಷ್ಟು. ಪ್ರಕ್ರಿಯೆಯ ವಿಳಂಬದ ಮೇಲೆ ಕಾರ್ಮಿಕನಿಗೆ ಯಾವ ಹಿಡಿತವೂ ಇಲ್ಲ. ಮತದಾನದ ಹಕ್ಕಿರುವುದು ಸಾಲದಾತರ ಸಮಿತಿಯಲ್ಲಿರುವ ಹಣಕಾಸು ಸಂಸ್ಥೆಗಳಿಗೆ. ಕಾರ್ಮಿಕರೂ ಸೇರಿದಂತೆ ಬಾಕಿ ಬರಬೇಕಾದ ಇತರರ ಮೊತ್ತ ಒಟ್ಟು ಸಾಲದ ನೂರಕ್ಕೆ ಹತ್ತರಷ್ಟಿದ್ದರೆ ಅವರ ಪ್ರತಿನಿಧಿ ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ತಾನು ಮಾಡದ ವಿಳಂಬದ ಬೆಲೆಯನ್ನು ಕಾರ್ಮಿಕ ತೆರುವುದು ನ್ಯಾಯವಲ್ಲ. ಕಿಟಕಿಯನ್ನು ದಿವಾಳಿ ಪ್ರಕ್ರಿಯೆ ಆರಂಭವಾದ ದಿನಕ್ಕೆ ಕಟ್ಟಿಹಾಕುವ ತಿದ್ದುಪಡಿ ಚಿಕ್ಕದು, ಅದರಿಂದ ಸರದಿಯ ಕ್ರಮವೇನೂ ಕದಲುವುದಿಲ್ಲ.

ಪ್ರಕ್ರಿಯೆ ನಡೆಯುವಾಗಿನ ಸಂಬಳ

ಆ 21 ತಿಂಗಳ ಸಂಬಳದ ಪ್ರಶ್ನೆಯನ್ನೇ ಎಬಿಜಿ ಶಿಪ್‌ಯಾರ್ಡ್‌ನ ಕಾರ್ಮಿಕರು ಸುಪ್ರೀಂ ಕೋರ್ಟಿಗೆ ಒಯ್ದರು. ಅದು ಪ್ರಕ್ರಿಯೆಯ ಖರ್ಚೆಂದು ಪರಿಗಣಿತವಾದರೆ ಮೊದಲ ಮೆಟ್ಟಿಲಿನಲ್ಲಿ ಪೂರ್ತಿ ಸಿಗುತ್ತದೆ, ಇಲ್ಲವಾದರೆ ಎರಡನೆಯದರಲ್ಲಿ ಪಾಲು ಹಂಚಿಕೊಳ್ಳಬೇಕು. 2022ರ ಏಪ್ರಿಲ್ 19ರ ತೀರ್ಪು ಎರಡು ಷರತ್ತು ಹಾಕಿತು. ರೆಸಲ್ಯೂಷನ್ ವೃತ್ತಿಪರ ಆ ಅವಧಿಯಲ್ಲಿ ಕಂಪನಿಯನ್ನು ನಿಜವಾಗಿ ನಡೆಸಿರಬೇಕು, ಮತ್ತು ಹಕ್ಕು ಕೇಳುವ ಕಾರ್ಮಿಕ ಆಗ ನಿಜವಾಗಿ ಕೆಲಸ ಮಾಡಿರಬೇಕು. ಎರಡೂ ಸಾಬೀತಾದರೆ ಮಾತ್ರ ಆ ಸಂಬಳ ಮೊದಲ ಮೆಟ್ಟಿಲಿಗೆ ಏರುತ್ತದೆ.

ತರ್ಕ ಸರಳವಾಗಿದೆ, ಸಾಬೀತುಪಡಿಸುವುದು ಸರಳವಲ್ಲ. ಗೇಟು ಮುಚ್ಚಿದ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಇರುವುದಿಲ್ಲ. ಕೆಲಸಕ್ಕೆ ಬರಲು ಸಿದ್ಧನಿದ್ದೆ, ಒಳಗೆ ಬಿಡಲಿಲ್ಲ ಎನ್ನುವವನ ಬಳಿ ದಾಖಲೆ ಇರುವುದಿಲ್ಲ. ಕೆಲವರು ಮಾತ್ರ ಯಂತ್ರಗಳ ನಿರ್ವಹಣೆಗೂ ಕಾವಲಿಗೂ ಹೋಗುತ್ತಿರುತ್ತಾರೆ, ಅವರ ಹೆಸರಾದರೂ ಪಾಳಿಯ ಪಟ್ಟಿಯಲ್ಲಿ ಸಿಕ್ಕೀತು.

ಹಂಚುವ ಗಂಟಿನ ಹೊರಗಿನ ಹಣ

ಕಾರ್ಮಿಕನಿಗಿರುವ ಅತ್ಯಂತ ಗಟ್ಟಿ ರಕ್ಷಣೆ ಸರದಿಯ ಒಳಗಿಲ್ಲ, ಅದರ ಹೊರಗಿದೆ. ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಗ್ರಾಚ್ಯುಟಿ ನಿಧಿಯಿಂದ ಕಾರ್ಮಿಕರಿಗೂ ನೌಕರರಿಗೂ ಸಲ್ಲಬೇಕಾದ ಮೊತ್ತ ಹಂಚಿಕೆಯ ಆಸ್ತಿಗೆ ಸೇರುವುದೇ ಇಲ್ಲ ಎಂದು ದಿವಾಳಿ ಸಂಹಿತೆಯ 36ನೇ ಸೆಕ್ಷನ್ ಹೇಳುತ್ತದೆ. ಅದು ಕಂಪನಿಯ ಹಣವಲ್ಲ, ಕಂಪನಿಯ ಬಳಿ ಇರುವ ಕಾರ್ಮಿಕನ ಹಣ ಎಂಬುದು ಇದರ ಹಿಂದಿನ ತತ್ವ. ಹಾಗಾಗಿ ಇಲ್ಲಿ ಕಿಟಕಿಯೂ ಇಲ್ಲ, ಬ್ಯಾಂಕಿನ ಜೊತೆ ಪಾಲೂ ಇಲ್ಲ, ಕಾರ್ಮಿಕ ಮತ್ತು ನೌಕರ ಎಂಬ ಭೇದವೂ ಇಲ್ಲ.

ತೊಡಕಿರುವುದು ‘ನಿಧಿ’ ಎಂಬ ಪದದಲ್ಲಿ. ಎಷ್ಟೋ ಕಂಪನಿಗಳು ಗ್ರಾಚ್ಯುಟಿಗೆಂದು ಪ್ರತ್ಯೇಕ ನಿಧಿಯನ್ನೇ ಇಡುವುದಿಲ್ಲ, ನಿವೃತ್ತರಾದವರಿಗೆ ಕಂಪನಿಯ ಖಾತೆಯಿಂದಲೇ ಕೊಡುತ್ತ ಬರುತ್ತವೆ. ನಿಧಿಯೇ ಇಲ್ಲದಿದ್ದಾಗ ಲಿಕ್ವಿಡೇಟರ್ ಹೊಸದಾಗಿ ಹಣ ಹೊಂದಿಸಿ ಕೊಡಬೇಕಾಗಿಲ್ಲ ಎಂದು ಮೇಲ್ಮನವಿ ನ್ಯಾಯಮಂಡಳಿ 2020ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತು. ಅದೇ ಮಂಡಳಿ 2022ರ ಅಕ್ಟೋಬರ್ 21ರಂದು ಜೆಟ್ ಏರ್‌ವೇಸ್ ಪ್ರಕರಣದಲ್ಲಿ, ಕಂಪನಿಯನ್ನು ಕೊಳ್ಳುವವರು ದಿವಾಳಿ ಪ್ರಕ್ರಿಯೆ ಆರಂಭವಾದ ದಿನದವರೆಗಿನ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯನ್ನು ಪೂರ್ತಿ ಕೊಡಬೇಕೆಂದಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಲು ಒಪ್ಪಲಿಲ್ಲ. ಒಂದು ಲಿಕ್ವಿಡೇಷನ್‌ನದು, ಇನ್ನೊಂದು ಕಂಪನಿ ಉಳಿಸುವ ಯೋಜನೆಯದು ಎಂಬ ವ್ಯತ್ಯಾಸ ಇದ್ದರೂ, ನಿಧಿ ಕಟ್ಟದೆ ಬಿಟ್ಟ ಮಾಲೀಕನ ತಪ್ಪಿಗೆ ಕಾರ್ಮಿಕ ಬೆಲೆ ತೆರಬಾರದು ಎಂಬ ಎರಡನೆಯ ನಿಲುವೇ ಸೆಕ್ಷನ್‌ನ ಆಶಯಕ್ಕೆ ಹತ್ತಿರ. ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ತಂದದ್ದು ಈ ಕೊರತೆಯನ್ನು ಬುಡದಲ್ಲೇ ತುಂಬುವ ದಾರಿ: ಹಣ ಮೊದಲೇ ವಿಮಾ ಸಂಸ್ಥೆಯ ಬಳಿ ಇದ್ದರೆ ದಿವಾಳಿಯ ದಿನ ಅದಕ್ಕಾಗಿ ಜಗಳವೇ ಇರುವುದಿಲ್ಲ.

ಎರಡು ಕಡೆಯ ವಾದ

ಬ್ಯಾಂಕುಗಳ ಕಡೆಯವರು ಹೇಳುವುದು ಹೀಗೆ: ಅಡಮಾನದ ಮೌಲ್ಯವೇ ಸಾಲದ ಆಧಾರ. ಮುಂದೊಂದು ದಿನ ಎಷ್ಟು ಕಾರ್ಮಿಕ ಬಾಕಿ ತಮಗಿಂತ ಮುಂದೆ ಬಂದು ನಿಲ್ಲುತ್ತದೆ ಎಂದು ಸಾಲ ಕೊಡುವ ದಿನ ಗೊತ್ತಿಲ್ಲದಿದ್ದರೆ ಬಡ್ಡಿ ಏರುತ್ತದೆ, ಕಾರ್ಮಿಕರು ಹೆಚ್ಚಿರುವ ಉದ್ಯಮಗಳಿಗೆ ಸಾಲವೇ ಸಿಗದೆ ಹೋಗಬಹುದು. 24 ತಿಂಗಳ ಮಿತಿ ಆ ಅನಿಶ್ಚಿತತೆಗೆ ಹಾಕಿದ ಬೇಲಿ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಕಷ್ಟದಲ್ಲಿರುವ ಕಾರ್ಖಾನೆಗೆ ದುಡಿಮೆಯ ಬಂಡವಾಳ ಸಿಗದಿದ್ದರೆ ಮೊದಲು ಕೆಲಸ ಹೋಗುವುದು ಕಾರ್ಮಿಕರದೇ.

ಕಾರ್ಮಿಕ ಸಂಘಗಳ ಉತ್ತರ ಬೇರೆ. ಬ್ಯಾಂಕು ಸಾಲ ಕೊಡುವ ಮುನ್ನ ಲೆಕ್ಕಪತ್ರ ನೋಡುತ್ತದೆ, ಅಪಾಯಕ್ಕೆ ತಕ್ಕ ಬಡ್ಡಿ ಕೇಳುತ್ತದೆ, ಅಡಮಾನ ಹಿಡಿಯುತ್ತದೆ. ತಿಂಗಳ ಕೊನೆಗೆ ಸಂಬಳ ಪಡೆಯುವ ಕಾರ್ಮಿಕ ತಿಂಗಳಿಡೀ ತನ್ನ ದುಡಿಮೆಯನ್ನು ಕಂಪನಿಗೆ ಸಾಲವಾಗಿ ಕೊಟ್ಟಿರುತ್ತಾನೆ, ಆದರೆ ಈ ಮೂರರಲ್ಲಿ ಯಾವುದೂ ಅವನ ಕೈಲಿಲ್ಲ. ಸಂಬಳ ತಡವಾದಾಗ ಕೆಲಸ ಬಿಟ್ಟುಹೋಗುವುದೂ ಅವನಿಗೆ ಸುಲಭವಲ್ಲ, ಬಿಟ್ಟರೆ ಹಳೆಯ ಬಾಕಿ ಹೋದೀತೆಂಬ ಭಯ ಅವನನ್ನು ಕಟ್ಟಿಹಾಕುತ್ತದೆ. ಹಾಗಾಗಿಯೇ ಬಾಕಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ.

ಈ ಜಗಳವನ್ನು ಸರದಿಯ ಆಚೆಗೆ ಒಯ್ದ ದೇಶಗಳಿವೆ. ಜರ್ಮನಿಯಲ್ಲಿ ಮಾಲೀಕ ದಿವಾಳಿಯಾದರೆ ಕೊನೆಯ ಮೂರು ತಿಂಗಳ ಸಂಬಳವನ್ನು ಸರ್ಕಾರಿ ಉದ್ಯೋಗ ಸಂಸ್ಥೆಯೇ ಕಾರ್ಮಿಕನಿಗೆ ಕೊಟ್ಟುಬಿಡುತ್ತದೆ. ಅದರ ಹಣ ಎಲ್ಲ ಮಾಲೀಕರಿಂದ ವಸೂಲಾಗುವ ವಂತಿಗೆಯಿಂದ ಬರುತ್ತದೆ. ಬ್ರಿಟನ್ನಿನಲ್ಲೂ ರಾಷ್ಟ್ರೀಯ ವಿಮಾ ನಿಧಿಯಿಂದ ಗರಿಷ್ಠ ಎಂಟು ವಾರಗಳ ಬಾಕಿ, ಒಂದು ಮಿತಿಯೊಳಗೆ, ಸಿಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1992ರ 173ನೇ ಒಪ್ಪಂದ ಸರದಿಯಲ್ಲಿ ಆದ್ಯತೆ ಮತ್ತು ಖಾತರಿ ನಿಧಿ ಎಂಬ ಎರಡೂ ದಾರಿಗಳನ್ನು ಮುಂದಿಟ್ಟಿದೆ. ಭಾರತ ಅದನ್ನು ಅನುಮೋದಿಸಿಲ್ಲ. ಖಾತರಿ ನಿಧಿಯಿಂದ ಪೂರ್ತಿ ಬಾಕಿ ಸಿಗುವುದಿಲ್ಲ, ಆದರೆ ಸಿಗುವಷ್ಟು ಹಣ ಆಸ್ತಿ ಮಾರಾಟವಾಗುವವರೆಗೆ ಕಾಯುವುದಿಲ್ಲ. ಬಾಡಿಗೆಗೂ ಶಾಲೆಯ ಶುಲ್ಕಕ್ಕೂ ಐದು ವರ್ಷದ ನಂತರದ 56,000ಕ್ಕಿಂತ ಈ ತಿಂಗಳ 40,000 ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸದ್ಯದ ಕಾನೂನಿನೊಳಗೆ

ಕಾನೂನು ಬದಲಾಗುವವರೆಗೆ ಇರುವುದರಲ್ಲೇ ಕೆಲವು ದಾರಿಗಳಿವೆ. ಕಾರ್ಮಿಕ ಸಂಘ ತನ್ನ ಸದಸ್ಯರೆಲ್ಲರ ಪರವಾಗಿ ದಿವಾಳಿ ಅರ್ಜಿ ಸಲ್ಲಿಸಬಹುದು ಎಂದು 2019ರ ಏಪ್ರಿಲ್‌ನಲ್ಲಿ ಜೆ.ಕೆ. ಸೆಣಬಿನ ಗಿರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 2020ರ ಮಾರ್ಚ್‌ನಲ್ಲಿ ಅರ್ಜಿಗೆ ಬೇಕಾದ ಕನಿಷ್ಠ ಬಾಕಿಯನ್ನು 1 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಿದ ಮೇಲೆ ಒಬ್ಬೊಬ್ಬ ಕಾರ್ಮಿಕನಿಗೆ ಈ ಬಾಗಿಲು ಮುಚ್ಚಿದಂತೆಯೇ, ಸಂಘದ ಮೂಲಕ ಮಾತ್ರ ಅದು ತೆರೆದಿದೆ. ಪ್ರಕ್ರಿಯೆ ಆರಂಭವಾದ ಮೇಲೆ ಬಾಕಿಯ ಹಕ್ಕನ್ನು ಪ್ರತಿಯೊಬ್ಬರೂ ಬೇರೆಯಾಗಿ ಸಲ್ಲಿಸಬಹುದು, ಅಥವಾ ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಒಟ್ಟಾಗಿ ಸಲ್ಲಿಸಬಹುದು. ಹಕ್ಕು ಸಲ್ಲಿಸದ ಕಾರ್ಮಿಕನ ಬಾಕಿಯನ್ನೂ ಕಂಪನಿಯ ಲೆಕ್ಕಪುಸ್ತಕದ ಆಧಾರದ ಮೇಲೆ ಒಪ್ಪಿಕೊಳ್ಳುವ ಅವಕಾಶ ಲಿಕ್ವಿಡೇಟರ್‌ಗೆ ಇದೆ. ಆದರೆ ಸಂಬಳ ನಿಲ್ಲಿಸಿದ ಕಂಪನಿ ಲೆಕ್ಕಪುಸ್ತಕವನ್ನು ಸರಿಯಾಗಿ ಬರೆದಿರುತ್ತದೆ ಎಂದು ನಂಬಿ ಕೂರುವುದು ಅಪಾಯ. ಕೊನೆಯ ಸಂಬಳದ ಚೀಟಿ, ಸಂಬಳ ಜಮೆಯಾಗುತ್ತಿದ್ದ ಬ್ಯಾಂಕ್ ಖಾತೆಯ ವಿವರ, ನೇಮಕಾತಿ ಪತ್ರ, ಭವಿಷ್ಯ ನಿಧಿಯ ಪಾಸ್‌ಬುಕ್ಕಿನಲ್ಲಿ ಕಂತು ನಿಂತ ತಿಂಗಳು ಕಾಣುವ ಪುಟ, ಕೊನೆಯ ತಿಂಗಳುಗಳ ಹಾಜರಿಯ ಪ್ರತಿ, ಇವಿಷ್ಟು ಕೈಲಿದ್ದವನ ಬಾಕಿಯನ್ನು ನಾಮಮಾತ್ರದ ಮೊತ್ತಕ್ಕೆ ಇಳಿಸುವುದು ಯಾರಿಗೂ ಸುಲಭವಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಸಂಗ್ರಹಿಸಲು ಸಾಧ್ಯವಿರುವುದು ಗೇಟು ಮುಚ್ಚುವ ಮೊದಲು, ಸಂಬಳ ಮೊದಲ ಸಲ ತಪ್ಪಿದ ತಿಂಗಳಿನಲ್ಲಿ.